44ಎಡಿ ಸಾಕಾ, ಪುಸ್ತಕ ಬೇಕಾ? ನಮ್ಮ ಮನೆಯ ಎರಡು ಅಂಗಡಿಗಳ ಲೆಕ್ಕ

ನಮ್ಮ ಮನೆಯಲ್ಲಿ ಎರಡು ಅಂಗಡಿ. ನನ್ನದು ದಾವಣಗೆರೆಯಲ್ಲಿ ಹಾರ್ಡ್‌ವೇರ್ ಮತ್ತು ಪೇಂಟ್ ಅಂಗಡಿ. ತಮ್ಮನದು ಸಕ್ಕರೆ, ಅಡುಗೆ ಎಣ್ಣೆಯ ಹೋಲ್‌ಸೇಲ್. ನಾನು ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನಲ್ಲಿ, ಅಂದರೆ ಅಂದಾಜು ಆದಾಯದ ಪದ್ಧತಿಯಲ್ಲಿ ರಿಟರ್ನ್ ಹಾಕುತ್ತೇನೆ. ತಮ್ಮ ಮೊದಲಿನಿಂದಲೂ ಲೆಕ್ಕದ ಪುಸ್ತಕ ಬರೆಸಿ, ನಿಜವಾದ ಲಾಭ ತೋರಿಸಿ ಹಾಕುತ್ತಾನೆ. ಈ ಸಲ ಅವನಿಗೂ "ನಾನೂ 44ಎಡಿಗೆ ಬಂದುಬಿಡಲಾ ಅಣ್ಣಾ" ಅನಿಸಿತು. ಅದಕ್ಕೆ 2025-26ರ ಲೆಕ್ಕವನ್ನು ಎರಡೂ ಅಂಗಡಿಗೆ ಎರಡೂ ದಾರಿಯಲ್ಲಿ ಹಾಕಿ ನೋಡಿದೆವು.

ಪದ್ಧತಿ ಏನು ಅಂತ ಮೊದಲು ಹೇಳಿಬಿಡುತ್ತೇನೆ. ವರ್ಷದ ವಹಿವಾಟು 2 ಕೋಟಿಯೊಳಗಿದ್ದರೆ, ನಗದಾಗಿ ಬಂದ ಭಾಗಕ್ಕೆ ನೂರಕ್ಕೆ 8, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದ ಭಾಗಕ್ಕೆ ನೂರಕ್ಕೆ 6 ಲಾಭ ಅಂತ ಹಿಡಿಯಬಹುದು. ಒಟ್ಟು ಬಂದದ್ದರಲ್ಲಿ ನಗದು ನೂರಕ್ಕೆ 5 ಮೀರದಿದ್ದರೆ ವಹಿವಾಟಿನ ಮಿತಿ 3 ಕೋಟಿವರೆಗೂ ಹೋಗುತ್ತದೆ. ಬಾಡಿಗೆ, ಸಂಬಳ, ಕರೆಂಟು, ಸವಕಳಿ ಎಲ್ಲ ಅದರೊಳಗೇ ಕಳೆದಾಯಿತು ಅಂತ ಅರ್ಥ, ಬೇರೆಯಾಗಿ ಏನೂ ಕಳೆಯುವಂತಿಲ್ಲ. ಇದು ವ್ಯಕ್ತಿ, ಹಿಂದೂ ಅವಿಭಕ್ತ ಕುಟುಂಬ ಮತ್ತು ಪಾಲುದಾರಿಕೆ ಸಂಸ್ಥೆಗೆ ಮಾತ್ರ, ಎಲ್‌ಎಲ್‌ಪಿಗೆ ಇಲ್ಲ. ಮಂಡಿಯ ದಲ್ಲಾಳಿ, ರೀಚಾರ್ಜ್ ಕಮಿಷನ್ ಹೀಗೆ ಕಮಿಷನ್ ಮೇಲೆ ನಡೆಯುವ ವ್ಯಾಪಾರಕ್ಕೂ ಇಲ್ಲ. ಎಪಿಎಂಸಿ ಹತ್ತಿರದ ಎಷ್ಟೋ ಜನ ಇದನ್ನು ನೋಡದೇ ಫಾರ್ಮ್ ತುಂಬುತ್ತಾರೆ.

ಈಗ ನನ್ನ ಅಂಗಡಿ. ವಹಿವಾಟು 96 ಲಕ್ಷ. ಅದರಲ್ಲಿ 66 ಲಕ್ಷ ಯುಪಿಐ ಮತ್ತು ಬ್ಯಾಂಕಿಗೆ ಬಂದದ್ದು, 30 ಲಕ್ಷ ನಗದು. 66 ಲಕ್ಷಕ್ಕೆ ನೂರಕ್ಕೆ 6 ಅಂದರೆ 3.96 ಲಕ್ಷ, 30 ಲಕ್ಷಕ್ಕೆ ನೂರಕ್ಕೆ 8 ಅಂದರೆ 2.40 ಲಕ್ಷ. ಒಟ್ಟು 6.36 ಲಕ್ಷ. ಆದರೆ ನನ್ನ ಕಿರ್ದಿಯ ಪ್ರಕಾರ ಕೈಯಲ್ಲಿ ಉಳಿದದ್ದು ಸುಮಾರು 7.10 ಲಕ್ಷ. ಹೀಗಿದ್ದಾಗ 6.36 ತೋರಿಸಿ ಸುಮ್ನೆ ಇರಬಹುದಾ? ನೂರಕ್ಕೆ 6 ಮತ್ತು 8 ಅನ್ನೋದು ಕನಿಷ್ಠ. ಅದಕ್ಕಿಂತ ಜಾಸ್ತಿ ಗಳಿಸಿದ್ದರೆ ಜಾಸ್ತಿಯನ್ನೇ ತೋರಿಸಬೇಕು. ಹಾಗಾಗಿ 7.10 ಲಕ್ಷವನ್ನೇ ತೋರಿಸುತ್ತಿದ್ದೇನೆ.

ಇದರಿಂದ ನನಗೆ ನಷ್ಟ ಏನೂ ಇಲ್ಲ, ಯಾಕೆಂದರೆ 2025-26ಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇದೆ. 6.36 ಆದರೂ ತೆರಿಗೆ ಸೊನ್ನೆ, 7.10 ಆದರೂ ಸೊನ್ನೆ. ನನ್ನಂಥವರಿಗೆ ಈಗ "ಯಾವ ದಾರಿಯಲ್ಲಿ ತೆರಿಗೆ ಕಡಿಮೆ" ಅನ್ನೋ ಪ್ರಶ್ನೆಯೇ ಏಳುವುದಿಲ್ಲ. ಕಡಿಮೆ ಕೆಲಸದಲ್ಲಿ ಯಾವುದು ಮುಗಿಯುತ್ತದೆ ಅಂತ ನೋಡಿದರೆ 44ಎಡಿ ಗೆಲ್ಲುತ್ತದೆ. ಐಟಿಆರ್-4 ಚಿಕ್ಕ ಫಾರ್ಮು. ಮುಂಗಡ ತೆರಿಗೆ ಇರುವವರೂ ನಾಲ್ಕು ಕಂತು ಕಟ್ಟಬೇಕಿಲ್ಲ, ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಿದರಾಯಿತು.

ನೂರಕ್ಕೆ 6ರ ವಿಷಯದಲ್ಲಿ ಎರಡು ಮಾತು. ಗಲ್ಲಾಪೆಟ್ಟಿಗೆಯ ನಗದನ್ನು ಸಂಜೆ ನಾವೇ ಬ್ಯಾಂಕಿಗೆ ಕಟ್ಟಿದರೆ ಅದು ಬ್ಯಾಂಕಿನಿಂದ ಬಂದ ಹಣ ಆಗುವುದಿಲ್ಲ. ಗಿರಾಕಿ ಕೊಟ್ಟದ್ದು ನಗದು, ಹಾಗಾಗಿ 8. ಇನ್ನೊಂದು, ಉದ್ರಿ. ಮಾರ್ಚ್ 31ಕ್ಕೆ ಬಾಕಿ ಇದ್ದ ಉದ್ರಿಯನ್ನು ಗಿರಾಕಿ ಮೇ ತಿಂಗಳಲ್ಲಿ ಯುಪಿಐ ಮಾಡಿದರೂ, ರಿಟರ್ನ್ ಹಾಕುವ ಕೊನೆಯ ದಿನದೊಳಗೆ ಬಂದಿದ್ದರೆ 6ಕ್ಕೇ ಸೇರುತ್ತದೆ. ಮೇಸ್ತ್ರಿಗಳಿಗೆ ಉದ್ರಿ ಕೊಡುವ ನನ್ನಂಥ ಅಂಗಡಿಗೆ ಇದು ಉಪಯೋಗ. ಆದರೆ ಯಾರ ಉದ್ರಿ ಯಾವತ್ತು ಬಂತು ಅಂತ ಬರೆದಿಟ್ಟಿದ್ದರೆ ಮಾತ್ರ.

ಬರೆದಿಡುವ ಮಾತು ಬಂದದ್ದರಿಂದ ಪುಸ್ತಕದ ವಿಷಯ ಹೇಳಿಬಿಡುತ್ತೇನೆ. 44ಎಡಿಯ ಪ್ರಕಾರ ಲಾಭ ತೋರಿಸಿದರೆ ಆದಾಯ ತೆರಿಗೆ ಕಾನೂನು ಪುಸ್ತಕ ಕೇಳುವುದಿಲ್ಲ, ಆಡಿಟ್ ಕೂಡ ಕೇಳುವುದಿಲ್ಲ. ಇದು ನಿಜ. ಆದರೆ ಐಟಿಆರ್-4ರಲ್ಲೇ ಕೊಡಬೇಕಾದ ಬಾಕಿ, ಬರಬೇಕಾದ ಬಾಕಿ, ಸ್ಟಾಕು, ಕೈಯಲ್ಲಿರುವ ನಗದು ಎಷ್ಟು ಅಂತ ಕೇಳುವ ಜಾಗಗಳಿವೆ. ಅವನ್ನು ಬಾಯಿಗೆ ಬಂದಂತೆ ತುಂಬಿದರೆ ಮುಂದಿನ ವರ್ಷ ಆ ಅಂಕಿಗೂ ಈ ಅಂಕಿಗೂ ತಾಳೆ ಆಗುವುದಿಲ್ಲ. ಜಿಎಸ್‌ಟಿ ಕಾನೂನು ಅಂತೂ ಬೇರೆಯದೇ. ನೋಂದಣಿ ಆದ ಮೇಲೆ ಖರೀದಿ, ಮಾರಾಟ, ಸ್ಟಾಕಿನ ಲೆಕ್ಕ ಇಡಲೇಬೇಕು, ಆದಾಯ ತೆರಿಗೆಯಲ್ಲಿ ಯಾವ ಪದ್ಧತಿ ಹಿಡಿದರೂ ಅದಕ್ಕೆ ಸಂಬಂಧವಿಲ್ಲ.

2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಆದದ್ದು ನೆನಪಿದೆ ಅಲ್ವಾ? ಯುಪಿಐಗೆ ಬಂದ ಹಣ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂತು. ಹಾಲು, ತರಕಾರಿ ಮಾರುವವರು ತೆರಿಗೆ ಇಲ್ಲದ ಸರಕು ಎಷ್ಟು, ಸ್ನೇಹಿತರು ವಾಪಸ್ ಕೊಟ್ಟ ಕೈಸಾಲ ಎಷ್ಟು ಅಂತ ಬಿಡಿಸಿ ತೋರಿಸಬೇಕಾಯಿತು. ಆ ಹೊತ್ತಿಗೆ ಕೈಯಲ್ಲಿ ಕಿರ್ದಿ ಇದ್ದವನು ಉತ್ತರ ಬರೆದ, ಇಲ್ಲದವನು ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಒಂದೊಂದೇ ಸಾಲು ನೆನಪು ಮಾಡಿಕೊಂಡ. ನಾನು ಇಡುವುದು ಕಡಿಮೆಯೇ. ದಿನದ ಮಾರಾಟ ನಗದು ಎಷ್ಟು, ಯುಪಿಐ ಎಷ್ಟು, ಖರೀದಿ ಬಿಲ್ಲಿನ ಫೈಲು, ಉದ್ರಿ ಖಾತೆ, ಮಾರ್ಚ್ 31ರ ಸ್ಟಾಕ್ ಎಣಿಕೆ. ಅಂಗಡಿಗೆ ಬೇರೆ ಕರೆಂಟ್ ಅಕೌಂಟ್. ಮನೆಯ ಹಣ ಅದರೊಳಗೆ ಬರುವಂತಿಲ್ಲ. ರಿಟರ್ನಿನಲ್ಲಿ ತೋರಿಸುವ ವಹಿವಾಟು ಜಿಎಸ್‌ಟಿ ರಿಟರ್ನಿನ ವಹಿವಾಟಿನ ಜೊತೆ ಕೂಡಿ ಬರುತ್ತದಾ ಅಂತ ಒಂದು ಸಲ ನೋಡುತ್ತೇನೆ. ವ್ಯತ್ಯಾಸ ಇದ್ದರೆ ಮೊದಲು ಕೇಳುವುದು ಅದನ್ನೇ.

ಇನ್ನು ತಮ್ಮನ ಅಂಗಡಿ. ಇಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಅವನ ವಹಿವಾಟು 1.80 ಕೋಟಿ. 1.50 ಕೋಟಿ ಬ್ಯಾಂಕು, ಯುಪಿಐ. 30 ಲಕ್ಷ ನಗದು. ಸಕ್ಕರೆ, ಎಣ್ಣೆಯಲ್ಲಿ ಸಿಗುವುದು ತೀರಾ ಕಡಿಮೆ ಲಾಭ. ಎಲ್ಲ ಖರ್ಚು ಕಳೆದು ಪುಸ್ತಕದ ಪ್ರಕಾರ ಉಳಿದದ್ದು 4.60 ಲಕ್ಷ. ಅದೇ 44ಎಡಿ ಹಿಡಿದರೆ 9 ಲಕ್ಷ ಮತ್ತು 2.40 ಲಕ್ಷ ಸೇರಿ 11.40 ಲಕ್ಷ. ಗಳಿಸದ 6.80 ಲಕ್ಷವನ್ನೂ ಗಳಿಸಿದೆ ಅಂತ ಒಪ್ಪಿಕೊಂಡಂತೆ.

"12 ಲಕ್ಷದೊಳಗೇ ಇದೆಯಲ್ಲ, ತೆರಿಗೆ ಸೊನ್ನೆಯೇ ಅಲ್ವಾ?" ಅಂದ ತಮ್ಮ. ಅಂಗಡಿಯೊಂದೇ ಆಗಿದ್ದರೆ ಹೌದು. ಅವನಿಗೆ ಮನೆ ಬಾಡಿಗೆಯೂ ಬರುತ್ತದೆ. ನೂರಕ್ಕೆ 30 ಕಳೆದು 1.68 ಲಕ್ಷ. ಒಟ್ಟು 13.08 ಲಕ್ಷ ಆಗಿ ರಿಬೇಟ್ ಕೈತಪ್ಪುತ್ತದೆ. ತೆರಿಗೆ 76,200, ಸೆಸ್ ಸೇರಿ 79,248 ರೂಪಾಯಿ. ಪುಸ್ತಕದ ದಾರಿಯಲ್ಲಿ 4.60 ಮತ್ತು 1.68 ಸೇರಿ 6.28 ಲಕ್ಷ, ತೆರಿಗೆ ಇಲ್ಲ. ಆದರೆ ಆ ದಾರಿಯಲ್ಲಿ ಆಡಿಟ್ ಖರ್ಚು ಇದೆ. ಅವನ ಆಡಿಟರ್ ಕೇಳುವುದು 30,000. ಲೆಕ್ಕ ಬರೆಯುವ ಹುಡುಗನಿಗೆ ತಿಂಗಳಿಗೆ 2,500. ಹುಡುಗ ಜಿಎಸ್‌ಟಿಗೂ ಬೇಕೇ ಬೇಕು, ಹಾಗಾಗಿ ಅವನ ಸಂಬಳವನ್ನು ಈ ತಕ್ಕಡಿಗೆ ಹಾಕುವುದು ಸರಿಯಲ್ಲ. 30,000ಕ್ಕೂ 79,248ಕ್ಕೂ ಹೋಲಿಸಬೇಕು. ಪುಸ್ತಕವೇ ಮೇಲು.

ಪುಸ್ತಕದ ದಾರಿಯ ಮುಳ್ಳುಗಳೂ ಇವೆ. ಒಬ್ಬ ಮಾರಾಟಗಾರನಿಗೆ ಒಂದೇ ದಿನ 10,000 ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಒಪ್ಪುವುದಿಲ್ಲ, ಲಾಭಕ್ಕೆ ಸೇರಿಸುತ್ತಾರೆ. ಲಾರಿ ಬಾಡಿಗೆಗೆ ಮಾತ್ರ ಈ ಮಿತಿ 35,000. 44ಎಡಿಯಲ್ಲಿ ಈ ತಲೆನೋವು ಬರುವುದಿಲ್ಲ, ಖರ್ಚನ್ನೇ ನೋಡುವುದಿಲ್ಲವಲ್ಲ.

ಆಡಿಟ್ ಬಗ್ಗೆ ಬಜಾರಿನಲ್ಲಿ ಒಂದು ಮಾತು ಓಡಾಡುತ್ತದೆ: ನೂರಕ್ಕೆ 8ಕ್ಕಿಂತ ಕಡಿಮೆ ಲಾಭ ತೋರಿಸಿದರೆ ಆಡಿಟ್ ಕಡ್ಡಾಯ ಅಂತ. ಅದು ಅರ್ಧ ಮಾತ್ರ ನಿಜ. ಯಾವತ್ತೂ 44ಎಡಿಗೆ ಹೋಗದವನ ವಹಿವಾಟು 1 ಕೋಟಿಯೊಳಗಿದ್ದು ಲಾಭ ನೂರಕ್ಕೆ 3 ಇದ್ದರೆ, ಅವನಿಗೆ ಪುಸ್ತಕ ಸಾಕು, ಆಡಿಟ್ ಬೇಡ. ವ್ಯಾಪಾರದ ಆದಾಯ 2.5 ಲಕ್ಷ ಅಥವಾ ವಹಿವಾಟು 25 ಲಕ್ಷ ದಾಟಿದ ವ್ಯಕ್ತಿಗೆ ಪುಸ್ತಕ ಬೇಕು. ಆಡಿಟ್ ಪ್ರಶ್ನೆ 1 ಕೋಟಿ ಮೇಲೆ. ನಗದಿನಲ್ಲಿ ಬಂದದ್ದೂ ಕೊಟ್ಟದ್ದೂ ತಲಾ ನೂರಕ್ಕೆ 5ರೊಳಗಿದ್ದರೆ ಆ 1 ಕೋಟಿ 10 ಕೋಟಿ ಆಗುತ್ತದೆ. ತಮ್ಮನಿಗೆ ಆಡಿಟ್ ಬೇಕಾಗುತ್ತಿರುವುದು ಲಾಭ ಕಡಿಮೆ ಅಂತಲ್ಲ, ನಗದು ಹೆಚ್ಚಾದ್ದರಿಂದ. 30 ಲಕ್ಷ ಅಂದರೆ ನೂರಕ್ಕೆ 16ಕ್ಕಿಂತ ಮೇಲೆ.

ಆ ಮಾತಿನ ಇನ್ನರ್ಧ ನಿಜ ಆಗುವುದು 44ಎಡಿಗೆ ಒಮ್ಮೆ ಒಳಗೆ ಹೋದವನಿಗೆ. ಒಂದು ವರ್ಷ ಈ ಪದ್ಧತಿಯಲ್ಲಿ ತೋರಿಸಿ, ಮುಂದಿನ ಐದು ವರ್ಷದೊಳಗೆ ಯಾವತ್ತಾದರೂ ಅದಕ್ಕಿಂತ ಕಡಿಮೆ ತೋರಿಸಿ ಹೊರಬಂದರೆ, ಆಮೇಲಿನ ಐದು ವರ್ಷ ವಾಪಸ್ ಹೋಗುವಂತಿಲ್ಲ. ತಮ್ಮ 2025-26ಕ್ಕೆ ಒಳಗೆ ಹೋಗಿ 2026-27ಕ್ಕೆ ಹೊರಬಂದರೆ, 2027-28ರಿಂದ 2031-32ರವರೆಗೆ ಬಾಗಿಲು ಬಂದ್. ಹೊರಬಂದ ವರ್ಷವೂ ಸೇರಿ ಅಷ್ಟೂ ವರ್ಷ, ಒಟ್ಟು ಆದಾಯ ತೆರಿಗೆ ಶುರುವಾಗುವ ಮಿತಿ ಮೀರಿದರೆ ಪುಸ್ತಕವೂ ಬೇಕು, ಆಡಿಟ್ಟೂ ಬೇಕು. ಹೊಸ ಪದ್ಧತಿಯಲ್ಲಿ ಆ ಮಿತಿ ಈಗ 4 ಲಕ್ಷ. ಆಗ ವಹಿವಾಟು 60 ಲಕ್ಷಕ್ಕೆ ಇಳಿದಿದ್ದರೂ ಆಡಿಟ್ ತಪ್ಪುವುದಿಲ್ಲ. ಒಂದು ವರ್ಷ ಲಾಭ ಚೆನ್ನಾಗಿ ಬಂತು ಅಂತ 44ಎಡಿ, ಮುಂದಿನ ವರ್ಷ ಎಣ್ಣೆ ರೇಟು ಬಿದ್ದು ನಷ್ಟ ಅಂತ ಪುಸ್ತಕ, ಹೀಗೆ ಮಾಡುವವರಿಗೆ ಬೀಳುವ ಪೆಟ್ಟು ಇದೇ. ನಷ್ಟ ತೋರಿಸಿ ಮುಂದಕ್ಕೆ ಒಯ್ಯಲೂ ಪುಸ್ತಕವೇ ಬೇಕು. ರೇಟು ಏರಿಳಿಯುವ ಸರಕಿನ ವ್ಯಾಪಾರಿ ನಾನಾಗಿದ್ದರೆ 44ಎಡಿಯ ಹತ್ತಿರವೂ ಹೋಗುವುದಿಲ್ಲ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ, ಅದರಲ್ಲಿ ಈ ವಿಷಯ 58ನೇ ಕಲಮಿನಲ್ಲಿದೆ. 2025-26ರ ಆದಾಯಕ್ಕೆ ಮಾತ್ರ ಹಳೆಯ 44ಎಡಿಯೇ ಲೆಕ್ಕ. ಫಾರ್ಮಿನಲ್ಲಿ ಹೊಸ ನಂಬರ್ ಕಂಡು ಗಾಬರಿ ಬೀಳಬೇಡಿ.

ತಮ್ಮ ಪುಸ್ತಕದಲ್ಲೇ ಉಳಿದ. ಬ್ಯಾಂಕಿನಲ್ಲಿ ಓಡಿ ಲಿಮಿಟ್ ಏರಿಸಲು ಅವನಿಗೆ ಬ್ಯಾಲೆನ್ಸ್ ಶೀಟ್ ಹೇಗೂ ಬೇಕಿತ್ತು. ಈಗ ಅವನ ಗುರಿ ನಗದನ್ನು ನೂರಕ್ಕೆ 5ರೊಳಗೆ ತರುವುದು. 1.80 ಕೋಟಿಗೆ 9 ಲಕ್ಷ ಆಯಿತು. ಬರುವ ಕಡೆ ಸಾಧ್ಯ, ಅಂಗಡಿಯವರೆಲ್ಲ ಯುಪಿಐ ಮಾಡುತ್ತಾರೆ. ಕೊಡುವ ಕಡೆ ಹಮಾಲಿ ಕೂಲಿ, ಲಾರಿ ಡ್ರೈವರಿನ ಭತ್ಯೆ ನಗದಿನಲ್ಲೇ ಹೋಗುತ್ತದೆ. ಅದನ್ನೂ ಖಾತೆಗೆ ಹಾಕುವ ವ್ಯವಸ್ಥೆ ಆದರೆ ಮುಂದಿನ ವರ್ಷದಿಂದ ಆ 30,000 ಆಡಿಟ್ ಫೀಸು ಉಳಿಯುತ್ತದೆ, ಪುಸ್ತಕ ಮಾತ್ರ ಇರುತ್ತದೆ.