ಜೆಲ್ಲೋ ಸ್ಪ್ರೇಯೋ: ಎರಡು ಅಡುಗೆಮನೆ, ಒಂದು ತಿಂಗಳು (ವಿಡಿಯೊ ಸ್ಕ್ರಿಪ್ಟ್)

ಸ್ಥಳ: ವಿಜಯಪುರದ ಒಂದು ಅಪಾರ್ಟ್‌ಮೆಂಟು. ಮೇಲಿನ ಮನೆ, ಕೆಳಗಿನ ಮನೆ ಎರಡರಲ್ಲೂ ಅಡುಗೆಮನೆಯ ಅಳತೆ ಒಂದೇ, ಕಟ್ಟೆಯ ಕೆಳಗೆ ಕಡಪಾ ಕಲ್ಲಿನ ರ್‍ಯಾಕ್ ಕೂಡ ಒಂದೇ ಥರ. ಜಿರಳೆ ಕೊಲ್ಲಲು ಕೆಳಗಿನ ಮನೆಗೆ ಸ್ಪ್ರೇ, ಮೇಲಿನ ಮನೆಗೆ ಜೆಲ್. ಕಾಲ: ಏಪ್ರಿಲ್.

ದೃಶ್ಯ 1. ಔಷಧಿಗೆ ಮುಂಚೆ

(ಪರದೆ ಎರಡು ಭಾಗ. ಎರಡೂ ಮನೆಯಲ್ಲಿ ಅಂಟು ಹಾಳೆ ಇಡುವ ಕೈ: ಸಿಂಕಿನ ಕೆಳಗೆ, ಫ್ರಿಜ್ಜಿನ ಹಿಂದೆ, ರ್‍ಯಾಕಿನ ಒಳಮೂಲೆ, ಗ್ಯಾಸ್ ಸಿಲಿಂಡರ್ ಪಕ್ಕ.)

ಧ್ವನಿ: ಔಷಧಿ ಹೊಡೆದ ಮರುದಿನ ನೆಲದ ಮೇಲೆ ಬಿದ್ದ ಹುಳ ನೋಡಿ ಕೆಲಸ ಚಲೋ ಆಯಿತು ಎಂದು ಹೇಳಲಾಗದು. ಲೆಕ್ಕ ಮೊದಲೇ ಇರಬೇಕು. ಮನೆಗೆ ನಾಲ್ಕು ಅಂಟು ಹಾಳೆ, ಮೂರು ರಾತ್ರಿ. ಕೆಳಗಿನ ಮನೆಯಲ್ಲಿ 41 ಸಿಕ್ಕವು, ಮೇಲೆ 38. ಕೆಳಗಿನ ಮನೆಯ ಹಾಲ್‌ನಲ್ಲೂ ಒಂದು ಹಾಳೆ ಇಟ್ಟಿದ್ದೇವೆ. ಅದು ಖಾಲಿ. ಆ ಖಾಲಿ ಹಾಳೆಯನ್ನು ನೆನಪಿಡಿ.

(ಹತ್ತಿರದ ಶಾಟ್: ಹಾಳೆಗೆ ಅಂಟಿದ ಒಂದು ಹುಳ. ತಲೆಯ ಹಿಂದೆ ಎರಡು ಕಪ್ಪು ಗೆರೆ ಸ್ಪಷ್ಟವಾಗಿ ಕಾಣಬೇಕು.)

ಧ್ವನಿ: ತಿಳಿಕಂದು ಬಣ್ಣ, ಒಂದೂವರೆ ಸೆಂಟಿಮೀಟರ್ ಉದ್ದ, ಎರಡು ಗೆರೆ. ಇದು ಜರ್ಮನ್ ಜಿರಳೆ. ಗಟಾರದಿಂದ ಬರುವ ಕೆಂಪು ದೊಡ್ಡ ಜಿರಳೆ ಬೇರೆ ಜಾತಿ. ಅದಕ್ಕೆ ಚೇಂಬರಿನಲ್ಲೇ ಔಷಧಿ ಬೀಳಬೇಕು. ಈ ಸಣ್ಣದು ಹೊರಗಿಂದ ಬಂದುಹೋಗುವುದಲ್ಲ, ಅಡುಗೆಮನೆಯ ಸಂದಿಯಲ್ಲೇ ಸಂಸಾರ ಮಾಡುತ್ತದೆ.

ದೃಶ್ಯ 2. ತಪಾಸಣೆ

(ಮೇಲಿನ ಮನೆ. ಟೆಕ್ನಿಶಿಯನ್ ಮೊಣಕಾಲೂರಿ ಕುಳಿತಿದ್ದಾನೆ, ಕೈಯಲ್ಲಿ ಟಾರ್ಚು.)

ಟೆಕ್ನಿಶಿಯನ್: ಅಕ್ಕಾರ, ಎಲ್ಲಿ ಜಾಸ್ತಿ ಕಾಣ್ತಾವ್ರಿ?

ಮನೆಯಾಕೆ: ರಾತ್ರಿ ನೀರ್ ಕುಡ್ಯಾಕ ಬಂದು ಲೈಟ್ ಹಚ್ಚಿದ್ರ ಸಾಕ್ರಿ, ಕಟ್ಟಿ ಮ್ಯಾಲಿಂದ ಸರ್ ಅಂತ ಕೆಳಗ ಹೋಗ್ತಾವು.

ಟೆಕ್ನಿಶಿಯನ್: ಕೆಳಗ ಅಂದ್ರ ಸಿಂಕಿನ ಕಡೆಗೋ, ರ್‍ಯಾಕಿನ ಕಡೆಗೋ?

ಮನೆಯಾಕೆ: ಹಿಟ್ಟಿನ ಡಬ್ಬಿ ಇಡೂ ಕಡೆ ರೀ.

(ಡಬ್ಬಿ ತೆಗೆದ ಮೇಲೆ ರ್‍ಯಾಕಿನ ಹಿಂಬದಿ. ಕಡಪಾ ಕಲ್ಲು ಗೋಡೆಗೆ ಸೇರುವಲ್ಲಿ ಸಿಮೆಂಟು ಬಿಟ್ಟು ಸಂದಿ ಬಿದ್ದಿದೆ. ಟಾರ್ಚಿನ ಬೆಳಕು ಪಕ್ಕದಿಂದ ಬೀಳಲಿ, ನೇರ ಬೇಡ.)

ಧ್ವನಿ: ಮೆಣಸಿನ ಪುಡಿ ಉದುರಿಸಿದ ಹಾಗೆ ಕಾಣುವ ಕಪ್ಪು ಚುಕ್ಕೆಗಳು ಹಿಕ್ಕೆ. ಪಕ್ಕದಲ್ಲಿ ಕಂದು ಬಣ್ಣದ, ಗೆರೆಗೆರೆಯ ಸಣ್ಣ ಚೀಲ. ಅದು ಮೊಟ್ಟೆಯ ಗೂಡು, ಒಂದರಲ್ಲಿ 30ರಿಂದ 40 ಮೊಟ್ಟೆ. ಸಂದಿಯ ಕೆಳಗೆ ಬೆಳ್ಳಗೆ ಕೂತಿರುವುದು ಜೋಳದ ಹಿಟ್ಟು. ದಿನಾ ರೊಟ್ಟಿ ಬಡಿಯುವ ಮನೆಯಲ್ಲಿ ಈ ಹಿಟ್ಟಿನ ಗೆರೆ ಇರದೆ ಇರುವುದಿಲ್ಲ. ಜೆಲ್ ಎಂದರೆ ತಿನಿಸಿನಲ್ಲಿ ಬೆರೆಸಿದ ವಿಷ. ಪಕ್ಕದಲ್ಲೇ ಪುಕ್ಕಟೆ ಊಟ ಬಿದ್ದಿದ್ದರೆ ಜಿರಳೆ ಅದಕ್ಕೆ ಯಾಕೆ ಬಾಯಿ ಹಾಕೀತು? ಹಾಗಾಗಿ ಮೊದಲು ಒಣ ಬ್ರಷ್ಷಿನಿಂದ ಹಿಟ್ಟು ಎತ್ತಬೇಕು. ಫಿನಾಯಿಲ್ ಬಟ್ಟೆ ಬೇಡವೇ ಬೇಡ, ಅದರ ವಾಸನೆ ಇದ್ದಲ್ಲಿ ಜೆಲ್ ಮುಟ್ಟುವುದಿಲ್ಲ.

(ಫ್ರಿಜ್ಜಿನ ಪ್ಲಗ್ ಕಿತ್ತು ಹಿಂದಿನ ಮುಚ್ಚಳ ತೆಗೆಯುವುದು. ಕಂಪ್ರೆಸರ್ ಸುತ್ತ ಬೆಚ್ಚಗಿನ ಜಾಗದಲ್ಲಿ ಮರಿಗಳು. ಈ ಶಾಟ್ ಅವಸರದಲ್ಲಿ ಮುಗಿಸಬೇಡಿ.)

ದೃಶ್ಯ 3. ಕೆಳಗಿನ ಮನೆ: ಸ್ಪ್ರೇ

(ಪಾತ್ರೆ, ಡಬ್ಬಿ ಹಾಲ್‌ಗೆ. ಮೀನಿನ ತೊಟ್ಟಿ ಇದ್ದರೆ ಪ್ಲಾಸ್ಟಿಕ್ ಮುಚ್ಚಿ, ಗಾಳಿಯ ಪಂಪ್ ನಿಲ್ಲಿಸುವುದನ್ನು ತೋರಿಸಿ; ಪೈರೆಥ್ರಾಯ್ಡ್ ಜಾತಿಯ ಔಷಧಿ ಮೀನಿಗೆ ಬಹಳ ಕೆಟ್ಟದ್ದು. ನಂತರ ಲೇಬಲ್ ಮೇಲಿನ ಬಣ್ಣದ ತ್ರಿಕೋನ: ಕೆಂಪು, ಹಳದಿ, ನೀಲಿ, ಹಸಿರು ಎಂದು ವಿಷದ ತೀವ್ರತೆ ಇಳಿಯುವ ಕ್ರಮ.)

ಧ್ವನಿ: ಲೇಬಲ್ಲಿನಲ್ಲಿ ಜಿರಳೆಯ ಎದುರು ಬರೆದಷ್ಟೇ ಔಷಧಿ, ಅಳತೆಯ ಲೋಟದಲ್ಲಿ. ಮುಚ್ಚಳದ ಅಂದಾಜು ನಡೆಯದು. ನಾಝಲ್ ಸಂದಿಗೆ ಹಿಡಿದು ಕಲ್ಲು ಒದ್ದೆಯಾಗುವಷ್ಟು ಹೊಡೆದು, ನೀರು ಇಳಿಯುವ ಮುಂಚೆ ಕೈ ತೆಗೆಯಬೇಕು.

(ಹೊಡೆದ ಅರ್ಧ ನಿಮಿಷಕ್ಕೆ ಜಿರಳೆಗಳು ಸಂದಿಯಿಂದ ಹೊರಬಿದ್ದು ದಿಕ್ಕುಗೆಟ್ಟು ಓಡುತ್ತವೆ.)

ಧ್ವನಿ: ನೋಡುವವರಿಗೆ ಭಾರಿ ಸಮಾಧಾನ ಕೊಡುವ ದೃಶ್ಯ ಇದೇ. ಗ್ರಾಹಕರು ಸ್ಪ್ರೇ ಬೇಕೆನ್ನುವುದೂ ಬಹುಪಾಲು ಇದಕ್ಕಾಗಿ. ಆದರೆ ಓಡಿದವೆಲ್ಲ ಸಾಯುವುದಿಲ್ಲ, ಕೆಲವು ಪಕ್ಕದ ಕೋಣೆ ಹಿಡಿಯುತ್ತವೆ.

ದೃಶ್ಯ 4. ಮೇಲಿನ ಮನೆ: ಜೆಲ್

(ಸಿರಿಂಜಿನ ತುದಿ, ಹತ್ತಿರದಿಂದ. ಬಾಗಿಲಿನ ಕೀಲಿನ ಒಳಗೆ ಒಂದು ಚುಕ್ಕೆ.)

ಧ್ವನಿ: ಇದರಲ್ಲಿ ಫಿಪ್ರೊನಿಲ್ 0.05 ಶೇಕಡಾ. ಚುಕ್ಕೆ ತೊಗರಿ ಕಾಳಿಗಿಂತ ದೊಡ್ಡದು ಬೇಡ. ದೊಡ್ಡ ಮುದ್ದೆ ನಾಲ್ಕು ಇಡುವುದಕ್ಕಿಂತ ಸಣ್ಣ ಚುಕ್ಕೆ ನಲವತ್ತು ಇಡುವುದು ಮೇಲು, ಏಕೆಂದರೆ ಮರಿಗಳು ಅಡಗಿದ ಜಾಗ ಬಿಟ್ಟು ದೂರ ಹೋಗುವುದಿಲ್ಲ. ಹಿಕ್ಕೆ ಕಂಡಲ್ಲೆಲ್ಲ ಹತ್ತಿರ ಹತ್ತಿರ ಇಡಿ, ಕಾಣದ ಕಡೆ ಒಂದೆರಡು ಸಾಕು.

ಮನೆಯಾಕೆ: ಇಷ್ಟ ಏನ್ರಿ? ವಾಸನಿನೂ ಇಲ್ಲಲ್ರಿ.

ಟೆಕ್ನಿಶಿಯನ್: ಇಷ್ಟರೀ ಅಕ್ಕಾರ. ಇದನ್ನ ಒರಸಬ್ಯಾಡ್ರಿ, ಇದರ ಮ್ಯಾಲ ಅಂಗಡಿ ಸ್ಪ್ರೇನೂ ಹೊಡೀಬ್ಯಾಡ್ರಿ. ಮಕ್ಕಳ ಕೈ ಹೋಗೂ ಕಡೆ ನಾನೂ ಇಟ್ಟಿಲ್ಲ.

ಧ್ವನಿ: ತಿಂದ ಜಿರಳೆ ಅಲ್ಲೇ ಬೀಳುವುದಿಲ್ಲ, ಸಂದಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆ ತಿಂದ ಮರಿಗಳಿಗೂ ವಿಷ ತಲುಪುತ್ತದೆ. ಸ್ಪ್ರೇಗೆ ಈ ಗುಣ ಇಲ್ಲ.

ದೃಶ್ಯ 5. ಏಳನೇ ದಿನ

(ಪರದೆ ಎರಡು ಭಾಗ. ಹಾಳೆಗಳ ಮೇಲೆ ಅಂಕಿ.)

ಧ್ವನಿ: ಸ್ಪ್ರೇ ಮನೆಯಲ್ಲಿ ಮೂರು ರಾತ್ರಿಗೆ 9. ಜೆಲ್ ಮನೆಯಲ್ಲಿ 14. ಇವತ್ತೇ ತೀರ್ಪು ಕೊಟ್ಟರೆ ಸ್ಪ್ರೇ ಗೆದ್ದ ಹಾಗೆ. ಆದರೆ ಹಾಲ್‌ನ ಹಾಳೆ ನೋಡಿ: ಅಲ್ಲಿ 5 ಅಂಟಿವೆ.

(ಮೇಲಿನ ಮನೆ. ಮೂರು ಚುಕ್ಕೆಗಳ ಹತ್ತಿರದ ಶಾಟ್, ಒಂದೊಂದಕ್ಕೂ ಐದು ಸೆಕೆಂಡು.)

ಧ್ವನಿ: ಕೀಲಿನೊಳಗಿನ ಚುಕ್ಕೆಯ ಅಂಚು ಕಚ್ಚಿ ಸವೆದಿದೆ, ಅಲ್ಲಿ ಇನ್ನೊಂದು ಇಡಬೇಕು. ಸಿಲಿಂಡರ್ ಪಕ್ಕದ್ದು ಇದ್ದ ಹಾಗೇ ಮೆತ್ತಗಿದೆ, ಅಂದರೆ ಆ ದಾರಿಯಲ್ಲಿ ಹುಳ ಓಡಾಡುತ್ತಿಲ್ಲ, ಜಾಗ ಬದಲಿಸಿ. ಒಲೆಯ ಕೆಳಗಿನದು ಒಣಗಿ ಸಿಪ್ಪೆ ಕಟ್ಟಿದೆ. ಇಲ್ಲಿನ ಬೇಸಿಗೆಗೆ ಒಲೆಯ ಕಾವೂ ಸೇರಿದರೆ ಜೆಲ್ ಬೇಗ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದನ್ನು ಹುಳ ತಿನ್ನದು. ಇದು ಔಷಧಿಯ ತಪ್ಪಲ್ಲ, ಇಟ್ಟವರ ತಪ್ಪು. ಕೆರೆದು ತೆಗೆದು ಕಟ್ಟೆಯ ಹಿಂದಿನ ತಂಪು ಮೂಲೆಗೆ ಹಾಕಲಾಯಿತು.

ದೃಶ್ಯ 6. ಮೂವತ್ತನೇ ದಿನ

ಧ್ವನಿ: ಜೆಲ್ ಮನೆಯಲ್ಲಿ 2. ಸ್ಪ್ರೇ ಮನೆಯಲ್ಲಿ 26, ಬಹುತೇಕ ಎಳ್ಳಿಗಿಂತ ತುಸು ದೊಡ್ಡ ಮರಿಗಳು. ಹೆಣ್ಣು ಜಿರಳೆ ಮೊಟ್ಟೆಯ ಗೂಡನ್ನು ಒಡೆಯುವ ಹೊತ್ತಿನವರೆಗೆ ಹೊತ್ತೇ ತಿರುಗುತ್ತದೆ. ಗೂಡಿನ ಗಟ್ಟಿ ಸಿಪ್ಪೆ ದಾಟಿ ಸ್ಪ್ರೇ ಒಳಗಿಳಿಯುವುದಿಲ್ಲ. ಸಂದಿಯಲ್ಲಿ ಉಳಿದ ಗೂಡುಗಳು ಒಡೆದಿವೆ. ಎರಡೇ ಮನೆಯ ಲೆಕ್ಕ ಇದು, ಅಂಕಿ ಎಲ್ಲ ಕಡೆ ಹೀಗೇ ಬರುವುದಿಲ್ಲ. ಕಾರಣ ಮಾತ್ರ ಎಲ್ಲ ಕಡೆ ಇದೇ.

(ಕೆಳಗಿನ ಮನೆಯ ಯಜಮಾನರು ರ್‍ಯಾಕಿನ ಮುಂದೆ ನಿಂತಿದ್ದಾರೆ.)

ಯಜಮಾನರು: ಹಂಗಾದ್ರ ಇವತ್ತ ಜೆಲ್ ಹಚ್ಚಿಬಿಡ್ರಲಾ.

ಟೆಕ್ನಿಶಿಯನ್: ಇವತ್ತ ಬ್ಯಾಡ್ರಿ ಕಾಕಾ. ಕಲ್ಲಿನ ಮ್ಯಾಲ ಸ್ಪ್ರೇ ಇನ್ನೂ ಕುಂತೈತಿ, ಅದರ ಮ್ಯಾಲ ಇಟ್ರ ಹುಳ ಮುಟ್ಟೂದಿಲ್ಲ. ಮೊದಲ ರ್‍ಯಾಕ್ ಎಲ್ಲಾ ಸಬಕಾರದ ನೀರಿನ್ಯಾಗ ಎರಡ್ ಸಲ ತೊಳೀರಿ, ಪೂರಾ ಒಣಗಲಿ. ಆಮ್ಯಾಲ ಬಂದು ಹಚ್ತೀನಿ.

(ಬಕೆಟ್ಟಿನಲ್ಲಿ ಬಟ್ಟೆ ಹಿಂಡುವ ಕೈ, ಕಡಪಾ ಕಲ್ಲಿನ ಮೇಲೆ ಒದ್ದೆ ಗೆರೆ. ಕಟ್.)