ಬೆಳಿಗ್ಗೆ ಹಾಕಿದ ಇನ್ಸುಲಿನ್ ಮಧ್ಯಾಹ್ನವೂ ಶುಗರ್ ಇಳಿಸುತ್ತದೆ, ಜೋಕೆ

ನಾನು ವಾರ್ಡ್ ನರ್ಸ್. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಮಾಡಿದ ಎಡವಟ್ಟು ಇದು. ಹೊಸದಾಗಿ ಡ್ಯೂಟಿಗೆ ಬರುವವರೂ, ಆಸ್ಪತ್ರೆಯಲ್ಲಿ ಅಪ್ಪ ಅಮ್ಮನ ಪಕ್ಕ ಕೂರುವವರೂ ಒಮ್ಮೆ ಓದಿ.

ಕಾಲಿನ ಗಾಯ ಕೀವಾಗಿ ಅಡ್ಮಿಟ್ ಆಗಿದ್ದ ಅಜ್ಜ. ದಿನಾ ಬೆಳಿಗ್ಗೆ 30/70 ಮಿಕ್ಸ್ ಇನ್ಸುಲಿನ್ 22 ಯೂನಿಟ್. ಅವತ್ತೂ ಏಳೂವರೆಗೆ ಹಾಕಿದೆ, ಎಂಟಕ್ಕೆ ತಿಂಡಿ ಬರುತ್ತದಲ್ಲ ಅಂತ. ತಿಂಡಿಗೆ ಮುಂಚೆ ಬಂದದ್ದು ಸ್ಕ್ಯಾನಿಂಗ್ ರೂಮಿನ ಹುಡುಗ. "ಹೊಟ್ಟೆ ಸ್ಕ್ಯಾನ್ ಇದೆ ಸಿಸ್ಟರ್, ಏನೂ ಕೊಡಬೇಡಿ." ರಾತ್ರಿಯೇ ಕೇಸ್ ಶೀಟಿನಲ್ಲಿ ಬರೆದಿದ್ದರು. ಸೂಜಿ ಹಾಕುವ ಮುಂಚೆ ನಾನು ಆ ಹಾಳೆ ತಿರುವಿರಲಿಲ್ಲ.

ಆಗಲೇ ಡಾಕ್ಟರಿಗೆ ಫೋನ್ ಮಾಡಬೇಕಿತ್ತು. ಸ್ಕ್ಯಾನ್ ಮುಂದೂಡಿ ತಿಂಡಿ ಕೊಡಿ ಅನ್ನುತ್ತಿದ್ದರು, ಇಲ್ಲ ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿಸುತ್ತಿದ್ದರು. ಬೈಸಿಕೊಳ್ಳುವುದು ಯಾಕೆ ಅಂತ ಸುಮ್ನಿದ್ದೆ. ಅರ್ಧ ಗಂಟೆಯಲ್ಲಿ ವಾಪಸ್ ಬರುತ್ತಾರೆ ಅಂದುಕೊಂಡೆ. ಸ್ಕ್ಯಾನಿಂಗ್ ಕ್ಯೂ ಹಾಗೆಲ್ಲ ಮುಗಿಯುತ್ತದಾ?

ಅಜ್ಜ ಮಂಚಕ್ಕೆ ಮರಳಿದ್ದು ಹತ್ತೂಕಾಲಿಗೆ. ಅಂಗಿಯ ಕಾಲರ್ ಪೂರ್ತಿ ಒದ್ದೆ. ಹೊದಿಕೆಯ ಅಂಚನ್ನು ಸುಮ್ಮನೆ ಕೀಳುತ್ತಿದ್ದರು, ಅಜ್ಜಿಯ ಮೇಲೆ ರೇಗುತ್ತಿದ್ದರು. "ಹಸಿವಾದ್ರೆ ಇವರು ಹಿಂಗೇ ಕಣಮ್ಮ" ಅಂದರು ಅಜ್ಜಿ. ಕೈ ಮಾತ್ರ ನಡುಗುತ್ತಿರಲಿಲ್ಲ. ಅವರು ಮೆಟೊಪ್ರೊಲಾಲ್ ಮಾತ್ರೆ ನುಂಗುತ್ತಿದ್ದರು. ಅದು ನಡುಕವನ್ನೂ ಎದೆಬಡಿತವನ್ನೂ ಮುಚ್ಚಿಡುತ್ತದೆ, ಬೆವರನ್ನು ಮುಚ್ಚಿಡುವುದಿಲ್ಲ. ಬೆರಳು ಚುಚ್ಚಿ ನೋಡಿದರೆ ಶುಗರ್ 48. 70ಕ್ಕಿಂತ ಕೆಳಗೆ ಹೋದರೇ ಲೋ ಅಂತ ಲೆಕ್ಕ.

ಎಚ್ಚರ ಇತ್ತು, ನುಂಗುತ್ತಿದ್ದರು. ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ ಕದಡಿ ಕುಡಿಸಿದೆ. ಹದಿನೈದು ನಿಮಿಷಕ್ಕೆ 64. ಇನ್ನೊಮ್ಮೆ ಕುಡಿಸಿದೆ, 92ಕ್ಕೆ ಬಂತು. ಎರಡು ಇಡ್ಲಿ ತಿನ್ನಿಸಿದೆ. ಎರಡು ಗಂಟೆಗೆ ಡ್ಯೂಟಿ ಬದಲಾಗುವಾಗ "ಬೆಳಿಗ್ಗೆ ಶುಗರ್ ಇಳಿದಿತ್ತು, ಸರಿ ಹೋಗಿದೆ" ಅಂತ ಹೇಳಿ ಹೊರಟೆ. ಅಜ್ಜ ಮಧ್ಯಾಹ್ನ ಎರಡೇ ತುತ್ತು ಉಂಡು ತಟ್ಟೆ ತಳ್ಳಿದ್ದು ನನಗೆ ಗೊತ್ತೇ ಇರಲಿಲ್ಲ.

ಮೂರೂವರೆಗೆ ಗೊರಕೆ ಹೊಡೆಯುತ್ತಿದ್ದರಂತೆ. ಊಟ ಆಗಿದೆ, ಮಲಗಲಿ ಅಂತ ಅಜ್ಜಿ ಫ್ಯಾನ್ ಜೋರು ಮಾಡಿದ್ದರು. ಸಿಸ್ಟರ್ ಬಂದು ಎಬ್ಬಿಸಿದರೆ ಎದ್ದಿಲ್ಲ. ಶುಗರ್ 34. ಎಚ್ಚರ ಇಲ್ಲದವರ ಬಾಯಿಗೆ ಸಕ್ಕರೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗಾಗಿ 25 ಪರ್ಸೆಂಟ್ ಡೆಕ್ಸ್‌ಟ್ರೋಸ್ 100 ಎಂಎಲ್ ನರಕ್ಕೆ ಕೊಟ್ಟರು. ಹತ್ತು ನಿಮಿಷಕ್ಕೆ ಕಣ್ಣು ಬಿಟ್ಟು "ಕಾಫಿ ಬಂತಾ?" ಅಂದರಂತೆ.

ಮರುದಿನ ಡ್ಯೂಟಿ ಡಾಕ್ಟರ್ ಬೈಯಲಿಲ್ಲ. ಮಾತ್ರೆ ಕವರಿನ ಹಿಂದೆ ಎರಡು ಗುಡ್ಡ ಬರೆದರು. ಒಂದು ಚಿಕ್ಕದು, ಕಡಿದಾದದ್ದು. ಇನ್ನೊಂದು ಅಗಲ. 30/70 ಅಂದರೆ ಒಂದೇ ಸೂಜಿಯಲ್ಲಿ ಎರಡು ಇನ್ಸುಲಿನ್. 30 ಭಾಗ ರೆಗ್ಯುಲರ್. ಅದು ಅರ್ಧ ಗಂಟೆಗೆ ಶುರುವಾಗಿ ಎರಡರಿಂದ ನಾಲ್ಕು ಗಂಟೆಯೊಳಗೆ ಜೋರಾಗುತ್ತದೆ. ಹತ್ತೂಕಾಲಿನ 48 ಅದರ ಕೆಲಸ. ಉಳಿದ 70 ಭಾಗ ಎನ್‌ಪಿಎಚ್, ಬಾಟಲಿ ಮಜ್ಜಿಗೆ ನೀರಿನ ಹಾಗೆ ಬೆಳ್ಳಗೆ ಕಾಣುವುದು ಇದರಿಂದಲೇ. ಇದು ಒಂದೆರಡು ಗಂಟೆ ಬಿಟ್ಟು ಶುರುವಾಗುತ್ತದೆ, ಜೋರು ಬರುವುದು ನಾಲ್ಕರಿಂದ ಹತ್ತು ಗಂಟೆಯ ನಡುವೆ. ಬೆಳಿಗ್ಗೆ ಏಳೂವರೆಗೆ ಹಾಕಿದ್ದರಿಂದ ಲೆಕ್ಕ ಹಾಕಿ ನೋಡಿ, ಮೂರೂವರೆ ಆ ಹೊತ್ತಿನೊಳಗೇ ಬೀಳುತ್ತದೆ. ನಾನು ಕುಡಿಸಿದ ಸಕ್ಕರೆ ನೀರು ಆ ಹೊತ್ತಿಗೆ ಯಾವಾಗಲೋ ಮುಗಿದಿತ್ತು. ಸಾಲದ್ದಕ್ಕೆ ಅಜ್ಜನ ಕ್ರಿಯಾಟಿನಿನ್ ಜಾಸ್ತಿ ಇತ್ತು. ಕಿಡ್ನಿ ಸೊರಗಿದ್ದರೆ ಇನ್ಸುಲಿನ್ ಮೈಯಿಂದ ಹೋಗುವುದೂ ನಿಧಾನ.

ಎಲ್ಲ ಇನ್ಸುಲಿನ್ನೂ ಹೀಗಲ್ಲ. ಲಿಸ್‌ಪ್ರೋ, ಆಸ್ಪಾರ್ಟ್ ಕಾಲು ಗಂಟೆಯಲ್ಲೇ ಶುರುವಾಗುತ್ತವೆ, ತಟ್ಟೆ ಮುಂದೆ ಬಂದ ಮೇಲೆಯೇ ಕೊಡಬೇಕು. ಗ್ಲಾರ್ಜಿನ್‌ಗೆ ಗುಡ್ಡವೇ ಇಲ್ಲ ಅನ್ನಬಹುದು, ದಿನವಿಡೀ ಒಂದೇ ಸಮ ಎಳೆಯುತ್ತದೆ. ಊಟ ಇಲ್ಲ ಅಂತ ಅದನ್ನು ನೀವೇ ನಿಲ್ಲಿಸಲು ಹೋಗಬೇಡಿ, ಟೈಪ್ 1 ಇದ್ದವರಿಗೆ ಅದು ಬೇರೆಯೇ ಅಪಾಯ. ಡಾಕ್ಟರನ್ನು ಕೇಳಿ.

ರೋಗಿಯ ಪಕ್ಕ ಕೂರುವವರು ಇಷ್ಟು ಮಾಡಿ ಸಾಕು. ಸೂಜಿ ಹಾಕಲು ಬಂದಾಗ "ಇವತ್ತು ಖಾಲಿ ಹೊಟ್ಟೆ ಟೆಸ್ಟ್ ಏನಾದರೂ ಇದೆಯಾ ಸಿಸ್ಟರ್?" ಅಂತ ಕೇಳಿ. ತಟ್ಟೆಯಲ್ಲಿ ಅನ್ನ ಉಳಿದರೆ ಚೆಲ್ಲುವ ಮುಂಚೆ ನಮಗೆ ಹೇಳಿ. ಹೊತ್ತಲ್ಲದ ಹೊತ್ತಲ್ಲಿ ಜೋರು ನಿದ್ದೆ ಬಂದರೆ ಒಮ್ಮೆ ತಟ್ಟಿ ಎಬ್ಬಿಸಿ ನೋಡಿ.

ನಾನು ಈಗ "ಸರಿ ಹೋಗಿದೆ" ಅಂತ ಹ್ಯಾಂಡೋವರ್ ಕೊಡುವುದಿಲ್ಲ. ಅವತ್ತಿನದನ್ನು ಇವತ್ತು ಬರೆದರೆ ಹೀಗೆ ಬರೆಯುತ್ತೇನೆ: ಏಳೂವರೆಗೆ ಮಿಕ್ಸ್ 22 ಯೂನಿಟ್, ತಿಂಡಿ ತಡ, ಹತ್ತೂಕಾಲಿಗೆ 48, ಮಧ್ಯಾಹ್ನ ಎಷ್ಟು ಉಂಡರು ನೋಡಿ, ಸಂಜೆ ಆರರವರೆಗೆ ಗಂಟೆಗೊಮ್ಮೆ ಶುಗರ್ ಚೆಕ್ ಮಾಡಿ.