8 ತಿಂಗಳ ಮೇಲೆ ಗೊತ್ತಾಯಿತು, ನನ್ನ ಏರ್‌ಪಾಡ್ಸ್ ಪ್ರೊ 2 ಡೂಪ್ಲಿಕೇಟ್ ಅಂತ

ಇದು ಅಸಲಿ ಏರ್‌ಪಾಡ್ಸ್‌ನ ವಿಮರ್ಶೆ ಅಲ್ಲ. ಅಸಲಿ ಅಂದುಕೊಂಡು 8 ತಿಂಗಳು ಬಳಸಿದ ಒಂದು ನಕಲಿಯ ವಿಮರ್ಶೆ. ಆನ್‌ಲೈನ್‌ನಲ್ಲಿ ಒಬ್ಬ ಅಪರಿಚಿತರಿಂದ, ಸೀಲ್ ಒಡೆಯದ ಡಬ್ಬಿ ಅಂತ ತೆಗೆದುಕೊಂಡಿದ್ದೆ. ನನ್ನದು ಆಂಡ್ರಾಯ್ಡ್ ಫೋನ್. ಇಷ್ಟು ದಿನ ಗೊತ್ತಾಗದೆ ಉಳಿದದ್ದಕ್ಕೆ ದೊಡ್ಡ ಕಾರಣ ಅದೇ. ನಿಮ್ಮದೂ ಆಂಡ್ರಾಯ್ಡ್ ಆಗಿದ್ದರೆ ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ.

ಡಬ್ಬಿಯಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ಅಕ್ಷರ ಸ್ಪಷ್ಟವಾಗಿತ್ತು, ಮುಚ್ಚಳ ಸರಿಯಾಗಿ ಕೂರುತ್ತಿತ್ತು, ಕಿವಿಗೆ ಹಾಕುವ ಸಿಲಿಕೋನ್ ಟಿಪ್‌ಗಳು ನಾಲ್ಕು ಅಳತೆಯಲ್ಲೂ ಇದ್ದವು. ಡಬ್ಬಿಯ ಮೇಲಿನ ಸೀರಿಯಲ್ ನಂಬರ್ ಕೇಸ್‌ನ ಮುಚ್ಚಳದ ಒಳಗಿನ ನಂಬರಿಗೆ ಹೊಂದುತ್ತಿತ್ತು. ಅದನ್ನು `checkcoverage.apple.com` ನಲ್ಲಿ ಹಾಕಿದೆ. ಏರ್‌ಪಾಡ್ಸ್ ಪ್ರೊ ಅಂತಲೇ ಬಂತು. ಅಷ್ಟಕ್ಕೇ ಸಮಾಧಾನ ಮಾಡಿಕೊಂಡೆ. ಅದೇ ಪುಟದಲ್ಲಿ ವಾರಂಟಿ ಮುಗಿದಿದೆ ಅಂತಲೂ ಇತ್ತು. ಸೀಲ್ ಒಡೆದು ಹತ್ತು ನಿಮಿಷವೂ ಆಗಿರಲಿಲ್ಲ, ಆಗಲೇ ವಾರಂಟಿ ಮುಗಿಯುವುದು ಹೇಗೆ? ಆ ನಂಬರು ಬೇರೆ ಯಾರೋ ಎಂದೋ ಕೊಂಡ ಅಸಲಿ ಸೆಟ್‌ನದು. ನಕಲಿ ಮಾಡುವವರು ನಿಜವಾದ ಒಂದು ನಂಬರನ್ನೇ ಎತ್ತಿಕೊಂಡು ಸಾವಿರಾರು ಕೇಸ್‌ಗಳ ಮೇಲೆ ಹಾಕಬಹುದು. ಅದಕ್ಕೇ ನಂಬರು ಸರಿ ಬಂತು ಅಂದಮಾತ್ರಕ್ಕೆ ವಸ್ತು ಸರಿ ಅಂತ ಆಗಲಿಲ್ಲ.

ಜೋಡಿಸಿದಾಗಲೇ ಎರಡು ಸುಳಿವು ಸಿಕ್ಕಿದ್ದವು. ಮೊದಲನೆಯದು, ಕಿವಿಯೊಳಗೆ ಒಂದು ಹೆಣ್ಣು ದನಿ 'ಕನೆಕ್ಟೆಡ್' ಅಂದಿತು. ಅಸಲಿ ಏರ್‌ಪಾಡ್ಸ್ ಕನೆಕ್ಟ್ ಆದಾಗ ಮಾತಾಡುವುದಿಲ್ಲ, ಸಣ್ಣ ಸ್ವರ ಮಾತ್ರ ಕೇಳಿಸುತ್ತದೆ. ಎರಡನೆಯದು ಇನ್ನೂ ಮಜವಾದದ್ದು. ಕಿವಿಯಿಂದ ಬಡ್ ತೆಗೆದರೆ ನನ್ನ ಆಂಡ್ರಾಯ್ಡ್ ಫೋನ್‌ನಲ್ಲಿ ಹಾಡು ತಾನಾಗಿ ನಿಲ್ಲುತ್ತಿತ್ತು. ಎಷ್ಟು ಚೆನ್ನಾಗಿದೆ ಅಂತ ಖುಷಿಪಟ್ಟಿದ್ದೆ. ಅಸಲಿಯಲ್ಲಿ ಈ ಸೌಲಭ್ಯ ಆಪಲ್ ಸಾಧನಗಳ ಜೊತೆ ಮಾತ್ರ ಕೆಲಸ ಮಾಡುತ್ತದೆ. ಬೇರೆ ಆ್ಯಪ್ ಏನೂ ಹಾಕದ ಆಂಡ್ರಾಯ್ಡ್‌ನಲ್ಲಿ ಹಾಡು ನಿಲ್ಲಬಾರದು. ನನ್ನದು ನಿಲ್ಲುತ್ತಿತ್ತು ಅಂದರೆ ಒಳಗಿರುವುದು ಯಾವ ಫೋನ್‌ಗಾದರೂ 'ಹಾಡು ನಿಲ್ಲಿಸು' ಅಂತ ಆಜ್ಞೆ ಕಳಿಸುವ ಸಾಮಾನ್ಯ ಬ್ಲೂಟೂತ್ ಚಿಪ್.

ಈಗ ಸದ್ದು ತಗ್ಗಿಸುವ ನಾಯ್ಸ್ ಕ್ಯಾನ್ಸಲೇಷನ್ ವಿಚಾರ. ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ, ನಾನೂ ಹೋದೆ. ಬಡ್‌ನ ಕಡ್ಡಿಯನ್ನು ಒತ್ತಿ ಹಿಡಿದರೆ ಎರಡು ಮೋಡ್ ಬದಲಾಗುತ್ತಿದ್ದವು. ಒಂದರಲ್ಲಿ ಹೊರಗಿನ ಸದ್ದು ಜೋರಾಗಿ ಕೇಳುತ್ತಿತ್ತು, ಇನ್ನೊಂದರಲ್ಲಿ ಕಡಿಮೆ. ವ್ಯತ್ಯಾಸ ಇದೆ ತಾನೆ, ಕೆಲಸ ಮಾಡುತ್ತಿದೆ ಅಂದುಕೊಂಡೆ. ಆದರೆ ಮೊದಲನೆಯದು ಟ್ರಾನ್ಸ್‌ಪರೆನ್ಸಿ ಮೋಡ್. ಅದರಲ್ಲಿ ಮೈಕ್ ಹೊರಗಿನ ಸದ್ದನ್ನು ಎತ್ತಿ ಒಳಗೆ ಬಿಡುತ್ತದೆ. ಅದನ್ನು ನಿಲ್ಲಿಸಿದರೆ ಸದ್ದು ಕಡಿಮೆಯಾದ ಹಾಗೆ ಅನ್ನಿಸಲೇಬೇಕು. ಆಗ ತಡೆಯುತ್ತಿದ್ದದ್ದು ಬರೀ ಸಿಲಿಕೋನ್ ಟಿಪ್. ಹಾಗಾಗಿ ಹೋಲಿಸಬೇಕಾದದ್ದು ಟ್ರಾನ್ಸ್‌ಪರೆನ್ಸಿ ಜೊತೆ ಅಲ್ಲ, ಎರಡೂ ಮೋಡ್ ಆಫ್ ಇರುವಾಗಿನ ಸದ್ದಿನ ಜೊತೆ.

ಇದನ್ನು ಸರಿಯಾಗಿ ನೋಡಿದ್ದು ಅಕ್ಕನ ಐಫೋನ್‌ನಲ್ಲಿ. ಅವಳ ಹತ್ತಿರ ಅಸಲಿ ಪ್ರೊ 2 ಇದೆ. ಟೇಬಲ್ ಫ್ಯಾನ್ ಪೂರ್ತಿ ಸ್ಪೀಡ್‌ನಲ್ಲಿ ಇಟ್ಟು, ಹಾಡು ಹಾಕದೆ, ಎರಡನ್ನೂ ಸರದಿಯಲ್ಲಿ ಹಾಕಿಕೊಂಡೆ. ಅವಳದರಲ್ಲಿ ಆಫ್‌ನಿಂದ ಕ್ಯಾನ್ಸಲೇಷನ್‌ಗೆ ಬದಲಿಸಿದ ಕೂಡಲೇ ಫ್ಯಾನ್‌ನ 'ಗುಂ' ಅನ್ನುವ ದಪ್ಪ ಸದ್ದು ಮಾಯವಾಯಿತು. ಗಾಳಿಯ ಸಣ್ಣ 'ಸುಯ್' ಮಾತ್ರ ಉಳಿಯಿತು. ನನ್ನದರಲ್ಲಿ ಬದಲಿಸಿದರೂ ಅದೇ 'ಗುಂ'. ಜೊತೆಗೆ ಹಿಂದಿನಿಂದ ಒಂದು ತೆಳುವಾದ 'ಹಿಸ್' ಬೇರೆ ಸೇರಿಕೊಂಡಿತು. (ಆಫ್ ಆಯ್ಕೆ ಕಾಣದಿದ್ದರೆ ಏರ್‌ಪಾಡ್ಸ್ ಸೆಟ್ಟಿಂಗ್ಸ್‌ನಲ್ಲೇ ಅದನ್ನು ಆನ್ ಮಾಡಿಕೊಳ್ಳಬೇಕು.)

ಇನ್ನು ಐಫೋನ್‌ಗೆ ಜೋಡಿಸಿದಾಗ ಏನಾಯಿತು ಅಂತ ಹೇಳುತ್ತೇನೆ. ಮುಚ್ಚಳ ತೆಗೆದ ಕೂಡಲೇ ಅಸಲಿಯಂತೆಯೇ ಚಿತ್ರ ಬಂತು, ಬ್ಯಾಟರಿ ಶೇಕಡಾವಾರೂ ಬಂತು. 'ನೋಡು, ಸರಿಯಾಗಿಯೇ ಇದೆಯಲ್ಲ' ಅಂದೆ. 'ತಡಿ, ಪೂರ್ತಿ ಜೋಡಿಸು ಮೊದಲು' ಅಂದಳು ಅಕ್ಕ. ಮುಂದಿನ ಹೆಜ್ಜೆಯಲ್ಲಿ `Cannot Verify AirPods` ಅನ್ನುವ ಎಚ್ಚರಿಕೆ ಬಂತು. iOS 16ರಿಂದ ಈ ಪರೀಕ್ಷೆ ಇದೆ. ಎಲ್ಲ ನಕಲಿಗೂ ಈ ಎಚ್ಚರಿಕೆ ಬಂದೇ ಬರುತ್ತದೆ ಅಂತ ಮಾತ್ರ ನಂಬಿ ಕೂರಬೇಡಿ. ಬರದಿದ್ದರೂ ಇನ್ನೊಂದು ಕೆಲಸ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಏರ್‌ಪಾಡ್ಸ್ ಹೆಸರು ಒತ್ತಿ, ಕೆಳಗೆ ಸೀರಿಯಲ್ ನಂಬರ್ ಹುಡುಕಿ, ಅದರ ಮೇಲೇ ಮತ್ತೆ ಮತ್ತೆ ಒತ್ತಿ. ಕೇಸ್‌ಗೆ ಒಂದು, ಎಡ ಬಡ್‌ಗೆ ಒಂದು, ಬಲ ಬಡ್‌ಗೆ ಒಂದು, ಹೀಗೆ ಮೂರು ಬೇರೆ ಬೇರೆ ನಂಬರ್ ಬರಬೇಕು. ನನ್ನದರಲ್ಲಿ ಮೂರಕ್ಕೂ ಒಂದೇ ನಂಬರ್ ಇತ್ತು.

ಒಂದು ಬಡ್ ಅನ್ನು ಕರವಸ್ತ್ರದಲ್ಲಿ ಸುತ್ತಿಯೂ ನೋಡಿದೆವು. ಪ್ರೊ 2ರಲ್ಲಿ ಇರುವುದು ಚರ್ಮವನ್ನು ಗುರುತಿಸುವ ಸೆನ್ಸರ್. ಬಟ್ಟೆ ತಾಗಿದರೆ ಅದು ಕಿವಿ ಅಂದುಕೊಳ್ಳುವುದಿಲ್ಲ. ನನ್ನದು ಕರವಸ್ತ್ರದೊಳಗೇ ಹಾಡತೊಡಗಿತು. ಬೆಳಕು ಮುಚ್ಚಿದರೆ ಸಾಕು ಅದಕ್ಕೆ.

ತೂಕದ ಮಾತನ್ನೂ ಹೇಳಿಬಿಡುತ್ತೇನೆ, ಇದಕ್ಕೆ ಐಫೋನ್ ಬೇಕಿಲ್ಲ. ಅಸಲಿಯ ಒಂದೊಂದು ಬಡ್ 5.3 ಗ್ರಾಂ, ಕೇಸ್ 50.8 ಗ್ರಾಂ. ನನ್ನ ಬಡ್ 4.4 ಗ್ರಾಂ ತೂಗಿತು. ಕೇಸ್ ಮಾತ್ರ ಹತ್ತಿರ ಹತ್ತಿರ ಸರಿ ಇತ್ತು. ಕೇಸ್‌ನೊಳಗೆ ಒಂದು ಲೋಹದ ತುಂಡು ಇಟ್ಟರೆ ತೂಕ ಸರಿಹೋಗುತ್ತದೆ, ಬಡ್‌ನಲ್ಲಿ ಅಷ್ಟು ಜಾಗ ಇಲ್ಲ. ಅದಕ್ಕೇ ತೂಗುವುದಾದರೆ ಬಡ್ ತೂಗಿ, ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿಯಲ್ಲಿ.

ಹಾಡಿನ ಗುಣದಿಂದ ಕಂಡುಹಿಡಿಯುವುದು ಕಷ್ಟ, ಅದರಲ್ಲೂ ಹೋಲಿಸಲು ಇನ್ನೊಂದು ಸೆಟ್ ಇಲ್ಲದಿದ್ದರೆ. ಮೊದಲ ದಿನ ಬೇಸ್ ಜೋರಾಗಿದೆ ಅಂತ ನನಗೆ ಇಷ್ಟವೇ ಆಗಿತ್ತು. ಮಾತಿನ ರೆಕಾರ್ಡಿಂಗ್ ಹಾಕಿದಾಗ ನಿಜ ಗೊತ್ತಾಯಿತು. ಫೋನ್‌ನ ಅಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ಮೋನೊ ಆನ್ ಮಾಡಿದರೆ ಎರಡೂ ಬಡ್‌ಗೆ ಒಂದೇ ಸದ್ದು ಹೋಗುತ್ತದೆ. ಆಗ ಮಾತಾಡುವವರ ದನಿ ತಲೆಯ ನಟ್ಟನಡುವೆ ನಿಲ್ಲಬೇಕು. ನನ್ನದರಲ್ಲಿ ಎಡಕ್ಕೆ ಎಳೆಯುತ್ತಿತ್ತು. ಜಾಲರಿ ಒರೆಸಿ ಮತ್ತೆ ನೋಡಿದೆ, ಹಾಗೇ ಇತ್ತು. ಎಡ, ಬಲ ಸ್ಪೀಕರ್‌ಗಳನ್ನು ಒಂದಕ್ಕೊಂದು ಹೊಂದಿಸಿ ಆರಿಸಿಲ್ಲ ಅಂತ ಇದರ ಅರ್ಥ ಇರಬಹುದು.

ಬ್ಯಾಟರಿ? ಅಸಲಿಗೆ ಕ್ಯಾನ್ಸಲೇಷನ್ ಆನ್ ಇಟ್ಟು 6 ಗಂಟೆಯವರೆಗೆ ಅಂತ ಹೇಳುತ್ತಾರೆ. ನನ್ನದು ಶುರುವಿನಲ್ಲಿ 3 ಗಂಟೆ ಬರುತ್ತಿತ್ತು, ಈಗ ಬಲ ಬಡ್ ಒಂದೂವರೆ ಗಂಟೆಗೆ ಸುಮ್ಮನಾಗುತ್ತದೆ.

ಮಾರಿದವರು ಈಗ ಉತ್ತರ ಕೊಡುತ್ತಿಲ್ಲ. ಮೊದಲ ದಿನವೇ ವಾರಂಟಿಯ ಆ ಒಂದು ಸಾಲನ್ನು ಹಿಡಿದು ಕೇಳಿದ್ದರೆ ದುಡ್ಡು ವಾಪಸ್ ಕೇಳಲು ಸಮಯ ಇರುತ್ತಿತ್ತು, ಅದೇ ನನಗೆ ನೋವು. ಮುಂದಿನ ಸಲ ಅಪರಿಚಿತರಿಂದ ಕೊಳ್ಳುವುದಾದರೆ ಅಕ್ಕನ ಐಫೋನ್ ಜೊತೆಗೆ ಒಯ್ಯುತ್ತೇನೆ. ಅವರ ಎದುರಿಗೇ ಜೋಡಿಸಿ, ಆ ಮೂರು ನಂಬರ್ ನೋಡಿ, ಆಮೇಲೆಯೇ ದುಡ್ಡು. ಬಳಸಿದ ಸೆಟ್ ಆದರೆ ಅವರ ಆಪಲ್ ಖಾತೆಯಿಂದ ಅದನ್ನು ಅಲ್ಲೇ ತೆಗೆಸುತ್ತೇನೆ. ಖಾತೆಯಲ್ಲಿ ಅದು ಇಲ್ಲವೇ ಇಲ್ಲ, ಇಷ್ಟು ದಿನ ಐಫೋನ್‌ನಲ್ಲೇ ಬಳಸಿದೆ ಅಂತ ಹೇಳಿದರೆ ಕೊಳ್ಳುವುದಿಲ್ಲ.